‘ಬಂದ್’ ಅಂದರೆ ಗಾಳಿ ಹೋಗುತ್ತದೋ, ನಿಲ್ಲುತ್ತದೋ?



ಮನೆಯಲ್ಲಿ ಅವ್ವ “ಲೈಟ್ ಬಂದ್ ಮಾಡು” ಅಂದರೆ ನೀವು ಏನು ಮಾಡುತ್ತೀರಿ? ಸ್ವಿಚ್ ಒತ್ತಿ ದೀಪ ಆರಿಸುತ್ತೀರಿ. ಅಂದರೆ ನಮ್ಮ ಮಾತಿನಲ್ಲಿ ಸ್ವಿಚ್ ‘ಬಂದ್’ ಆದರೆ ಕರೆಂಟ್ ನಿಲ್ಲುತ್ತದೆ. ಈಗ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ವಿದ್ಯುತ್ತಿನ ಪಾಠ ತೆಗೆಯಿರಿ. ಅಲ್ಲಿ ‘ಮುಚ್ಚಿದ ಮಂಡಲ’ ಅಂದರೆ ಕರೆಂಟ್ ಹರಿಯುವ ಮಂಡಲ. ಬಂದ್ ಅಂದರೂ ಮುಚ್ಚುವುದೇ. ಆದರೆ ಒಂದರಲ್ಲಿ ಕರೆಂಟ್ ನಿಲ್ಲುತ್ತದೆ, ಇನ್ನೊಂದರಲ್ಲಿ ಹರಿಯುತ್ತದೆ.

ಮನೆಯ ದೀಪದ ಮಟ್ಟಿಗೆ ಇದು ತಮಾಷೆಯ ಮಾತು. ಗಾಳಿಯ ಒತ್ತಡದಿಂದ ನಡೆಯುವ ಯಂತ್ರದ ಮುಂದೆ ನಿಂತಾಗ ಇದು ಬೆರಳಿನ ಪ್ರಶ್ನೆ.

ಜಹೀರಾಬಾದಿನ ಟ್ರ್ಯಾಕ್ಟರ್ ಕಾರ್ಖಾನೆ, ತಾಂಡೂರಿನ ಸಿಮೆಂಟ್ ಕಾರ್ಖಾನೆಗಳು, ಬೇಳೆ ಮಿಲ್ಲುಗಳು ನಿಮ್ಮಲ್ಲಿ ಹಲವರಿಗೆ ಹೊಸವಲ್ಲ. ಇಂಥ ಕಡೆಗಳಲ್ಲಿ ಎತ್ತುವುದು, ತಳ್ಳುವುದು, ಹಿಡಿದುಕೊಳ್ಳುವುದು ಮುಂತಾದ ಎಷ್ಟೋ ಕೆಲಸಗಳನ್ನು ಒತ್ತಿ ತುಂಬಿದ ಗಾಳಿಯಿಂದ ಮಾಡಿಸುತ್ತಾರೆ. ಆ ಗಾಳಿಯ ದಾರಿ ತೋರಿಸುವ ಚಿತ್ರಕ್ಕೆ ಗಾಳಿ ಮಂಡಲದ ನಕ್ಷೆ ಎನ್ನೋಣ. ನಕ್ಷೆಯ ಪಕ್ಕದಲ್ಲಿ ಯಾವ ಚಿಹ್ನೆ ಏನು ಅಂತ ಹೇಳುವ ಪಟ್ಟಿ ಇರುತ್ತದೆ. ಅದು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ನಾರಾಯಣಖೇಡದ ಕನ್ನಡ ಶಾಲೆಯಲ್ಲಿ ಓದಿ ಐಟಿಐ ಸೇರುವ ಹುಡುಗ ಅಥವಾ ಹುಡುಗಿ ಆ ಪಟ್ಟಿಯನ್ನು ತನಗಾಗಿ ಕನ್ನಡ ಮಾಡಿಕೊಳ್ಳಲೇಬೇಕು. ಹೇಗೆ ಮಾಡಿಕೊಂಡರೆ ಅರ್ಥ ಕೆಡುವುದಿಲ್ಲ? ಒಂದೇ ಒಂದು ಉದಾಹರಣೆ ಹಿಡಿದು ಕೊನೆಯವರೆಗೂ ನೋಡೋಣ.

ತೊಗರಿ ಹಾಪರಿನ ಜಾರುಬಾಗಿಲು

ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ್ದು ನಿಮಗೆ ಗೊತ್ತಿರಬಹುದು. ಅಲ್ಲಿಯ ತೊಗರಿಯನ್ನೇ ತುಂಬಿದ ಒಂದು ಹಾಪರ್ ಊಹಿಸಿಕೊಳ್ಳಿ. ಅದರ ಕೆಳಬಾಯಿಗೆ ಅಡ್ಡವಾಗಿ ಜಾರುವ ಒಂದು ಕಬ್ಬಿಣದ ತಗಡು ಇದೆ. ತಗಡು ಒಳಗೆ ಜಾರಿದರೆ ಬಾಯಿ ಮುಚ್ಚುತ್ತದೆ, ಹಿಂದಕ್ಕೆ ಎಳೆದರೆ ಕಾಳು ಸುರಿಯುತ್ತದೆ. ಈ ತಗಡನ್ನು ತಳ್ಳುವುದು, ಎಳೆಯುವುದು ಒಂದು ಸಿಲಿಂಡರ್.

ಸಿಲಿಂಡರ್ ಅಂದಕೂಡಲೆ ಅಡುಗೆಮನೆಯ ಗ್ಯಾಸ್ ಸಿಲಿಂಡರ್ ನೆನಪಿಗೆ ಬರಬಾರದು. ಅದು ತುಂಬಿಡುವ ಪಾತ್ರೆ. ಇದು ಕೆಲಸ ಮಾಡುವ ಕೈ. ನಿಮ್ಮ ಸೈಕಲ್ ಪಂಪನ್ನು ತಿರುವಿ ಯೋಚಿಸಿ: ಪಂಪಿನಲ್ಲಿ ನೀವು ಹಿಡಿಕೆ ತಳ್ಳುತ್ತೀರಿ, ಗಾಳಿ ಹೊರಬರುತ್ತದೆ. ಇಲ್ಲಿ ಗಾಳಿ ಒಳಗೆ ಬರುತ್ತದೆ, ಹಿಡಿಕೆ ತಾನೇ ಹೊರಬರುತ್ತದೆ. ಒಳಗೆ ಜಾರುವ ಬಿಲ್ಲೆಗೆ ಪಿಸ್ಟನ್, ಅದಕ್ಕೆ ಸೇರಿದ ಉಕ್ಕಿನ ಸರಳಿಗೆ ರಾಡ್ ಎನ್ನುತ್ತಾರೆ. ಇಂಗ್ಲಿಷ್ ಪಟ್ಟಿಯಲ್ಲಿ ನಮ್ಮ ಸಿಲಿಂಡರಿಗೆ ‘ಡಬಲ್ ಆಕ್ಟಿಂಗ್’ ಎಂದಿದೆ. ‘ದ್ವಿಕ್ರಿಯಾ ಸಿಲಿಂಡರ್’ ಅಂತ ಬರೆದರೆ ತಪ್ಪಲ್ಲ, ಆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. “ಹೊರಕ್ಕೆ ತಳ್ಳುವುದೂ ಗಾಳಿಯೇ, ಒಳಕ್ಕೆ ಎಳೆಯುವುದೂ ಗಾಳಿಯೇ” ಅಂತ ಬರೆದರೆ ತಕ್ಷಣ ತಿಳಿಯುತ್ತದೆ. ‘ಸಿಂಗಲ್ ಆಕ್ಟಿಂಗ್’ ಅಂದರೆ ಒಂದು ಕಡೆಗೆ ಮಾತ್ರ ಗಾಳಿ. ಮರಳಿ ತರುವುದು ಸ್ಪ್ರಿಂಗ್ ಅಥವಾ ಭಾರ.

ಇಲ್ಲೊಂದು ಸಣ್ಣ ಎಚ್ಚರ. ‘ಮುಂದೆ’, ‘ಹಿಂದೆ’ ಅಂತ ಬರೆಯಬೇಡಿ. ಯಂತ್ರದ ಈ ಕಡೆ ನಿಂತವರಿಗೆ ಮುಂದೆ ಆದದ್ದು ಆ ಕಡೆ ನಿಂತವರಿಗೆ ಹಿಂದೆ. ರಾಡ್ ‘ಹೊರಕ್ಕೆ’, ‘ಒಳಕ್ಕೆ’ ಅಂದರೆ ಎಲ್ಲಿ ನಿಂತರೂ ಒಂದೇ.

ಬಲ ಎಷ್ಟು? ನಮ್ಮ ಸಿಲಿಂಡರಿನ ಒಳವ್ಯಾಸ 50 ಮಿಲಿಮೀಟರ್, ಗಾಳಿಯ ಒತ್ತಡ 6 ಬಾರ್ ಅಂದುಕೊಳ್ಳಿ. ಪಿಸ್ಟನ್ನಿನ ವಿಸ್ತೀರ್ಣ 3.14 × 25 × 25, ಅಂದರೆ ಸುಮಾರು 1963 ಚದರ ಮಿಲಿಮೀಟರ್. 6 ಬಾರ್ ಅಂದರೆ ಪ್ರತಿ ಚದರ ಮಿಲಿಮೀಟರಿಗೆ 0.6 ನ್ಯೂಟನ್. ಗುಣಿಸಿದರೆ ಸುಮಾರು 1178 ನ್ಯೂಟನ್. ತೊಗರಿಯ 60 ಕಿಲೋ ಚೀಲ ಎರಡು ಹೇರಿದಷ್ಟು ಬಲ, ಒಂದು ತಗಡಿನ ಅಂಚಿನ ಮೇಲೆ. ಆ ಅಂಚಿನ ಎದುರು ಯಾರದಾದರೂ ಕೈ ಇದ್ದರೆ? ಅದಕ್ಕೇ ಪಟ್ಟಿಯ ಪ್ರತಿ ಮಾತೂ ನೆಟ್ಟಗಿರಬೇಕು.

ಚೌಕಗಳನ್ನು ಓದುವ ಬಗೆ

ಸಿಲಿಂಡರಿಗೆ ಗಾಳಿಯ ದಾರಿ ಬದಲಿಸುವುದು ವಾಲ್ವ್. ನಿಮ್ಮ ಪಾಠದಲ್ಲಿ ಹೃದಯದ ‘ಕವಾಟ’ ಬರುತ್ತದಲ್ಲ, ಅದೇ ಮಾತು. ವರ್ಕ್‌ಶಾಪಿನಲ್ಲಿ ಯಾರೂ ಕವಾಟ ಅನ್ನುವುದಿಲ್ಲ, ವಾಲ್ವ್ ಅನ್ನುತ್ತಾರೆ. ಯಾವುದನ್ನಾದರೂ ಬಳಸಿ, ಆದರೆ ಪಟ್ಟಿಯ ಮೊದಲಿಂದ ಕೊನೆಯವರೆಗೂ ಅದೊಂದೇ ಇರಲಿ. ಒಂದು ಸಾಲಿನಲ್ಲಿ ಕವಾಟ, ಇನ್ನೊಂದರಲ್ಲಿ ವಾಲ್ವ್ ಅಂದರೆ ಓದುವವರು ಎರಡು ಬೇರೆ ವಸ್ತು ಅಂದುಕೊಳ್ಳುತ್ತಾರೆ.

ನಕ್ಷೆಯಲ್ಲಿ ವಾಲ್ವನ್ನು ಅಕ್ಕಪಕ್ಕ ಅಂಟಿದ ಚೌಕಗಳಿಂದ ತೋರಿಸುತ್ತಾರೆ. ಈ ಚಿಹ್ನೆಗಳಿಗೆ ಐಎಸ್‌ಓ 1219 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಎರಡು ಚೌಕ ಇದ್ದರೆ ಎರಡು ವಾಲ್ವ್ ಅಲ್ಲ. ಒಂದೇ ವಾಲ್ವಿನ ಎರಡು ನೆಲೆಗಳು. ಚೌಕದೊಳಗಿನ ಬಾಣ ಗಾಳಿ ಹೋಗುವ ದಾರಿ. ‘ಟಿ’ ಆಕಾರದ ಮೋಟು ಗೆರೆ ಇದ್ದರೆ ಅಲ್ಲಿ ದಾರಿ ಕಟ್ಟಿದೆ. ಹೊರಗಿನ ಕೊಳವೆಗಳ ಗೆರೆಗಳು ಒಂದೇ ಚೌಕಕ್ಕೆ ಮುಟ್ಟಿರುತ್ತವೆ. ಅದು ಯಾರೂ ಮುಟ್ಟದೇ ಇದ್ದಾಗಿನ ನೆಲೆ. ಗುಂಡಿ ಒತ್ತಿದಾಗ ಚೌಕಗಳ ಪಟ್ಟಿ ಸರಿದು, ಇನ್ನೊಂದು ಚೌಕ ಆ ಕೊಳವೆಗಳ ಎದುರಿಗೆ ಬಂದು ನಿಂತಿತು ಅಂತ ಕಲ್ಪಿಸಿಕೊಳ್ಳಬೇಕು. ಬದಿಯಲ್ಲಿರುವ ಅಂಕುಡೊಂಕು ಗೆರೆ ಸ್ಪ್ರಿಂಗ್. ಕೈ ಬಿಟ್ಟರೆ ಅದು ಪಟ್ಟಿಯನ್ನು ಮೊದಲಿನ ಜಾಗಕ್ಕೆ ತಳ್ಳುತ್ತದೆ.

ನಮ್ಮ ಬಾಗಿಲಿನ ಗುಂಡಿ ವಾಲ್ವಿನ ಪಕ್ಕದಲ್ಲಿ ‘5/2’ ಎಂದಿದೆ. ಇದು ಭಿನ್ನರಾಶಿ ಅಲ್ಲ, ಎರಡೂವರೆ ಅಲ್ಲ. ಐದು ಬಾಯಿ, ಎರಡು ನೆಲೆ. ಆದ್ದರಿಂದ ‘ಐದು ಬಾಯಿ ಎರಡು ನೆಲೆಯ ವಾಲ್ವ್’ ಅಂತ ಬರೆಯಿರಿ, ಪಕ್ಕದಲ್ಲಿ 5/2 ಹಾಗೆಯೇ ಇರಲಿ.

ಬಾಯಿಗಳಿಗೆ ಅಂಕಿಗಳಿವೆ. 1 ಅಂದರೆ ಗಾಳಿ ಬರುವ ಬಾಯಿ. 2 ಮತ್ತು 4 ಸಿಲಿಂಡರಿಗೆ ಹೋಗುವ ಬಾಯಿಗಳು. 3 ಮತ್ತು 5 ಕೆಲಸ ಮುಗಿದ ಗಾಳಿ ಹೊರಬೀಳುವ ಬಾಯಿಗಳು. ಬಸ್ಸಿನ ಬ್ರೇಕಿನಿಂದ ಕೇಳುವ ‘ಚುಸ್’ ಶಬ್ದ ಇಂಥ ಬಾಯಿಯಿಂದಲೇ ಬರುವುದು. ಈ ಅಂಕಿಗಳನ್ನು ಎಂದಿಗೂ ಬದಲಿಸಬಾರದು. ಒಬ್ಬರು ಕನ್ನಡ, ಒಬ್ಬರು ತೆಲುಗು, ಮೂರನೆಯವರು ದಖ್ಖನಿ ಮಾತಾಡುವ ನಮ್ಮ ಕಡೆಯ ವರ್ಕ್‌ಶಾಪಿನಲ್ಲಿ ಮೂವರಿಗೂ ಒಂದೇ ಆಗಿರುವ ಭಾಷೆ ಆ ಅಂಕಿಗಳು. ವಾಲ್ವಿನ ಲೋಹದ ಮೇಲೂ ಅವೇ ಅಂಕಿಗಳು ಕೊರೆದಿರುತ್ತವೆ.

ನಮ್ಮ 5/2 ವಾಲ್ವಿನಲ್ಲಿ ಗುಂಡಿ ಒತ್ತದಿದ್ದಾಗ 1ರಿಂದ 2ಕ್ಕೆ ಗಾಳಿ ಹೋಗುತ್ತದೆ, 4ರಿಂದ 5ಕ್ಕೆ ಹೊರಬೀಳುತ್ತದೆ. ಒತ್ತಿದಾಗ 1ರಿಂದ 4ಕ್ಕೆ ಹೋಗುತ್ತದೆ, 2ರಿಂದ 3ಕ್ಕೆ ಹೊರಬೀಳುತ್ತದೆ. ಈ ನಕ್ಷೆಯಲ್ಲಿ 2ನೇ ಬಾಯಿಯ ಕೊಳವೆ ಸಿಲಿಂಡರಿನ ಹಿಂಬದಿಗೆ, 4ನೇ ಬಾಯಿಯದು ರಾಡ್ ಇರುವ ಬದಿಗೆ ಸೇರಿದೆ. ಹಾಗಾದರೆ ಯಾರೂ ಒತ್ತದಿದ್ದಾಗ ರಾಡ್ ಹೊರಗಿರುತ್ತದೆ, ತಗಡು ಹಾಪರಿನ ಬಾಯಿ ಮುಚ್ಚಿರುತ್ತದೆ. ಒತ್ತಿ ಹಿಡಿದರೆ ರಾಡ್ ಒಳಕ್ಕೆ ಸೇರುತ್ತದೆ, ಕಾಳು ಸುರಿಯುತ್ತದೆ.

“ಒತ್ತಿದರೆ ತೆರೆಯುತ್ತದೆ” — ಯಾವುದು?

ಈಗ ಒಬ್ಬ ವಿದ್ಯಾರ್ಥಿ ಪಟ್ಟಿಯಲ್ಲಿ ಹೀಗೆ ಬರೆದ ಅಂದುಕೊಳ್ಳಿ: “ಗುಂಡಿ ವಾಲ್ವ್ — ಒತ್ತಿದರೆ ತೆರೆಯುತ್ತದೆ.” ಓದಲು ಚೊಕ್ಕಟವಾಗಿದೆ. ಆದರೆ ತೆರೆಯುವುದು ಯಾವುದು? ವಾಲ್ವೋ, ಬಾಗಿಲೋ?

ಕನ್ನಡದಲ್ಲಿ ನಾವು ಕರ್ತೃಪದವನ್ನು ಸಲೀಸಾಗಿ ಬಿಡುತ್ತೇವೆ. “ಬಂದನಾ?” “ಬಂದ.” ಯಾರು ಅಂತ ಇಬ್ಬರಿಗೂ ಗೊತ್ತಿರುತ್ತದೆ. ನಕ್ಷೆ ಓದುವವನಿಗೆ ಗೊತ್ತಿರುವುದಿಲ್ಲ. ನಾಳೆ ಇನ್ನೊಂದು ಹಾಪರಿನಲ್ಲಿ ಕೊಳವೆಗಳನ್ನು ಅದಲುಬದಲು ಜೋಡಿಸಿದ್ದರೆ ಅದೇ ವಾಲ್ವ್ ಒತ್ತಿದಾಗ ಬಾಗಿಲು ಮುಚ್ಚುತ್ತದೆ. ಆದ್ದರಿಂದ ಪಟ್ಟಿಯಲ್ಲಿ ಮೂರು ಹೆಜ್ಜೆಗಳನ್ನು ಬೇರೆಬೇರೆಯಾಗಿ, ಪ್ರತಿಯೊಂದಕ್ಕೂ ಕರ್ತೃ ಕೊಟ್ಟು ಬರೆಯಬೇಕು: ಗಾಳಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ರಾಡ್ ಯಾವ ಕಡೆ ಚಲಿಸುತ್ತದೆ, ಬಾಗಿಲು ಏನಾಗುತ್ತದೆ. “ಒತ್ತಿದಾಗ ಗಾಳಿ 1ರಿಂದ 4ಕ್ಕೆ ಹೋಗುತ್ತದೆ, ರಾಡ್ ಒಳಕ್ಕೆ ಸೇರುತ್ತದೆ, ಬಾಗಿಲು ತೆರೆಯುತ್ತದೆ.” ಸಾಲು ಉದ್ದವಾಯಿತು, ಆದರೆ ಸಂಶಯಕ್ಕೆ ಜಾಗ ಉಳಿಯಲಿಲ್ಲ.

ಒಂದೇ ತಂತಿ, ಎರಡು ‘ಮುಚ್ಚಿದ’

ಗುಂಡಿ ವಾಲ್ವಿಗಿಂತ ಮೊದಲು, ಗಾಳಿ ಬರುವ ದಾರಿಯಲ್ಲಿ ಇನ್ನೊಂದು ವಾಲ್ವ್ ಇದೆ. ಅದು 3/2, ಅಂದರೆ ಮೂರು ಬಾಯಿ ಎರಡು ನೆಲೆ. ಕರೆಂಟ್ ಬಂದರೆ ಅದರ ಕಾಯಿಲ್ ವಾಲ್ವನ್ನು ಸರಿಸುತ್ತದೆ, ಕರೆಂಟ್ ಹೋದರೆ ಸ್ಪ್ರಿಂಗ್ ಮರಳಿಸುತ್ತದೆ. ಇದು ಇಡೀ ಯಂತ್ರದ ಮುಖ್ಯ ಗಾಳಿ ವಾಲ್ವ್. ಆ ಕಾಯಿಲಿಗೆ ಹೋಗುವ ತಂತಿಯಲ್ಲಿ ಅಪಾಯ ಬಂದಾಗ ಹೊಡೆಯುವ ಕೆಂಪು ಗುಂಡಿ ಇದೆ.

ಇಂಗ್ಲಿಷ್ ಪಟ್ಟಿಯಲ್ಲಿ ವಾಲ್ವಿನ ಎದುರಿಗೂ ಕೆಂಪು ಗುಂಡಿಯ ಎದುರಿಗೂ ಒಂದೇ ಮಾತು ಇದೆ: ‘ನಾರ್ಮಲಿ ಕ್ಲೋಸ್ಡ್’. ನಿಘಂಟು ತೆಗೆದು ಎರಡಕ್ಕೂ ‘ಸಾಮಾನ್ಯವಾಗಿ ಮುಚ್ಚಿದ’ ಅಂತ ಬರೆದರೆ ಎರಡು ತಪ್ಪು ಒಟ್ಟಿಗೆ ಆಗುತ್ತವೆ.

ಮೊದಲನೆಯದು ‘ಸಾಮಾನ್ಯವಾಗಿ’. ನಮಗೆ ಅದರ ಅರ್ಥ ‘ಹೆಚ್ಚಿನ ಹೊತ್ತು’. ಆದರೆ ನಮ್ಮ ಮುಖ್ಯ ವಾಲ್ವ್ ಯಂತ್ರ ನಡೆಯುವ ಇಡೀ ದಿನ ಗಾಳಿ ಬಿಡುತ್ತಲೇ ಇರುತ್ತದೆ! ಇಂಗ್ಲಿಷಿನ ಮಾತು ಹೇಳುವುದು ಎಷ್ಟು ಹೊತ್ತು ಅಂತ ಅಲ್ಲ. ಯಾರೂ ಒತ್ತದೆ, ಕರೆಂಟ್ ಕೊಡದೆ, ಸುಮ್ಮನೆ ಬಿಟ್ಟಾಗ ಅದು ಯಾವ ನೆಲೆಯಲ್ಲಿರುತ್ತದೆ ಅಂತ.

ಎರಡನೆಯದು ‘ಮುಚ್ಚಿದ’. ವಾಲ್ವ್ ಮುಚ್ಚಿದರೆ ಗಾಳಿ ನಿಲ್ಲುತ್ತದೆ. ಸ್ವಿಚ್ಚಿನ ಸಂಪರ್ಕ ಮುಚ್ಚಿದರೆ ಕರೆಂಟ್ ಹರಿಯುತ್ತದೆ. ನಲ್ಲಿಯ ಬಾಯಿ ಮುಚ್ಚುವುದಕ್ಕೂ, ತುಂಡಾದ ಸೇತುವೆಯ ನಡುವಿನ ಕಂಡಿ ಮುಚ್ಚುವುದಕ್ಕೂ ಇರುವ ವ್ಯತ್ಯಾಸ ಇದು. ಮೊದಲನೆಯದರಲ್ಲಿ ದಾರಿ ಕಟ್ಟುತ್ತದೆ, ಎರಡನೆಯದರಲ್ಲಿ ದಾರಿ ಆಗುತ್ತದೆ.

ಹಾಗಾದರೆ ಬರೆಯುವುದು ಹೇಗೆ? ಮುಚ್ಚು, ತೆರೆ, ಬಂದ್ ಎಂಬ ಮಾತುಗಳನ್ನೇ ಕೈಬಿಟ್ಟು, ಹರಿಯುವುದು ಏನು, ನಿಲ್ಲುವುದು ಏನು ಅಂತ ಹೇಳಿಬಿಡಿ:

ಮುಖ್ಯ ವಾಲ್ವ್: ಕರೆಂಟ್ ಇಲ್ಲದಾಗ ಗಾಳಿ ಮುಂದೆ ಹೋಗುವುದಿಲ್ಲ.
ಕೆಂಪು ಗುಂಡಿ: ಒತ್ತದಿದ್ದಾಗ ಕರೆಂಟ್ ಹರಿಯುತ್ತದೆ, ಒತ್ತಿದಾಗ ನಿಲ್ಲುತ್ತದೆ.

ಈಗ ಎರಡನ್ನೂ ಸೇರಿಸಿ ಓದಿ. ಗುಂಡಿ ಹೊಡೆದರೆ ಕರೆಂಟ್ ನಿಂತಿತು, ಕರೆಂಟ್ ನಿಂತರೆ ಸ್ಪ್ರಿಂಗ್ ವಾಲ್ವನ್ನು ಮರಳಿಸಿತು, ಗಾಳಿ ನಿಂತಿತು. ಗುಂಡಿಯ ತಂತಿ ತುಂಡಾದರೂ ಇದೇ ಆಗುತ್ತದೆ, ಯಂತ್ರ ತಾನೇ ನಿಲ್ಲುತ್ತದೆ. ಗುಂಡಿಯನ್ನು ಈ ಬಗೆಯದ್ದೇ ಇಡುವುದು ಅದಕ್ಕೇ.

ಪಟ್ಟಿಯಲ್ಲಿ ಇನ್ನೂ ಒಂದು ಮಾತು ಸೇರಬೇಕು. ಮೂರನೆಯ ಬಾಯಿ ಏಕೆ ಇದೆ? ಕರೆಂಟ್ ಇಲ್ಲದ ನೆಲೆಯ ಚೌಕ ನೋಡಿ: 1ರ ಎದುರು ಮೋಟು ಗೆರೆ, 2ರಿಂದ 3ಕ್ಕೆ ಬಾಣ. ಅಂದರೆ ಹೊಸ ಗಾಳಿ ನಿಲ್ಲುವುದಷ್ಟೇ ಅಲ್ಲ, ಒಳಗೆ ಉಳಿದ ಗಾಳಿಯೂ 3ರಿಂದ ಹೊರಬೀಳುತ್ತದೆ. ಎರಡೇ ಬಾಯಿಯ ವಾಲ್ವ್ ಇದ್ದಿದ್ದರೆ ಹಳೆಯ ಗಾಳಿ ಕೊಳವೆಯಲ್ಲೇ ಸಿಕ್ಕಿಕೊಂಡು ಸಿಲಿಂಡರನ್ನು ಒತ್ತುತ್ತಲೇ ಇರುತ್ತಿತ್ತು. ಬರೀ ‘ಗಾಳಿ ಬಂದ್ ಮಾಡುವ ವಾಲ್ವ್’ ಅಂತ ಬರೆದರೆ ಈ ಎರಡಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ.

‘ಚೆಕ್’ ಅಂದರೆ ಪರೀಕ್ಷೆ ಅಲ್ಲ

ಗುಂಡಿ ಬಿಟ್ಟ ಕೂಡಲೆ ತಗಡು ಧಡ್ ಅಂತ ಮುಚ್ಚಬಾರದು, ನಿಧಾನ ಮುಚ್ಚಬೇಕು. ಅದಕ್ಕಾಗಿ 4ನೇ ಬಾಯಿಯ ಕೊಳವೆಯಲ್ಲಿ ಒಂದು ಜೋಡಿ ಚಿಹ್ನೆ ಇದೆ. ಒಂದು ಭಾಗದಲ್ಲಿ ದಾರಿ ಕಿರಿದಾಗಿದೆ, ಅದರ ಮೇಲೆ ಓರೆ ಬಾಣ. ಓರೆ ಬಾಣ ಅಂದರೆ ಸ್ಕ್ರೂ ತಿರುವಿ ಹೆಚ್ಚುಕಡಿಮೆ ಮಾಡಬಹುದು. ಪಕ್ಕದಲ್ಲಿ ‘ವಿ’ ಆಕಾರದ ಪೀಠದ ಮೇಲೆ ಕೂತ ಗುಂಡು. ಇಂಗ್ಲಿಷ್ ಪಟ್ಟಿ ಈ ಗುಂಡಿಗೆ ‘ಚೆಕ್ ವಾಲ್ವ್’ ಅನ್ನುತ್ತದೆ. ನಮಗೆ ಚೆಕ್ ಮಾಡುವುದು ಅಂದರೆ ಪರೀಕ್ಷಿಸುವುದು. ‘ಪರೀಕ್ಷಾ ವಾಲ್ವ್’ ಅಂತ ಬರೆದರೆ ಓದಿದವರು ಅದರಿಂದ ಒತ್ತಡ ಅಳೆಯಲು ಹೋಗುತ್ತಾರೆ. ಇಲ್ಲಿ ಚೆಕ್ ಅಂದರೆ ತಡೆ. ಒಂದು ಕಡೆಯಿಂದ ಬಂದ ಗಾಳಿ ಗುಂಡನ್ನು ಎಬ್ಬಿಸಿ ಹೋಗುತ್ತದೆ. ಮರಳಿ ಬರುವ ಗಾಳಿ ಗುಂಡನ್ನು ಪೀಠಕ್ಕೆ ಒತ್ತಿ ತನ್ನ ದಾರಿಯನ್ನು ತಾನೇ ಕಟ್ಟಿಕೊಳ್ಳುತ್ತದೆ. ಸೈಕಲ್ ಟ್ಯೂಬಿನ ವಾಲ್ವ್, ಬಾವಿಯ ಮೋಟರಿನ ಫುಟ್ ವಾಲ್ವ್, ನಿಮ್ಮ ಹೃದಯದ ಕವಾಟ ಎಲ್ಲವೂ ಇದೇ ಜಾತಿ. ‘ಒಮ್ಮುಖ ವಾಲ್ವ್’ ಅಂದರೆ ಸಾಕು.

ಜೋಡಿಯನ್ನು ‘ಹರಿವು ನಿಯಂತ್ರಕ’ ಅಂದರೂ ಅರ್ಧ ಮಾತೇ. ಯಾವ ದಿಕ್ಕಿನ ಹರಿವು? ನಮ್ಮ ನಕ್ಷೆಯಲ್ಲಿ ಸಿಲಿಂಡರಿಗೆ ಹೋಗುವ ಗಾಳಿ ಗುಂಡನ್ನು ಎಬ್ಬಿಸಿ ಸಲೀಸಾಗಿ ಹೋಗುತ್ತದೆ. ಸಿಲಿಂಡರಿನಿಂದ ಹೊರಬರುವ ಗಾಳಿ ಮಾತ್ರ ಕಿರಿದಾದ ದಾರಿಯಲ್ಲಿ ನುಸುಳಬೇಕು. ರಾಡ್ ಹೊರಬರುವಾಗ ಎದುರಿಗಿರುವ ಈ ಗಾಳಿ ಮೆತ್ತೆಯ ಹಾಗೆ ತಡೆಯುತ್ತದೆ, ಹಾಗಾಗಿ ತಗಡು ಸಮನಾಗಿ, ನಿಧಾನವಾಗಿ ಮುಚ್ಚುತ್ತದೆ. ಪಟ್ಟಿಯಲ್ಲಿ ಬರೆಯಬೇಕಾದದ್ದು: “ಸಿಲಿಂಡರಿನಿಂದ ಹೊರಬರುವ ಗಾಳಿಯನ್ನು ಮಾತ್ರ ತಡೆತಡೆದು ಬಿಡುತ್ತದೆ, ಬಾಗಿಲು ನಿಧಾನ ಮುಚ್ಚುತ್ತದೆ.”

ಪಟ್ಟಿ ಹೇಳಲೇಬೇಕಾದ ಎಚ್ಚರಿಕೆ

ಈಗ ಎಲ್ಲವನ್ನೂ ಒಂದು ಸಲ ನಡೆಸಿ ನೋಡೋಣ. ಬಾಗಿಲು ತೆರೆದು ಕಾಳು ಬಿಡುವಾಗ ಹಾಪರಿನ ಬಾಯಿಗೆ ಗೋಣಿಯ ಚೂರು ಸಿಕ್ಕಿಕೊಂಡಿತು. ಯಾರೋ ಕೆಂಪು ಗುಂಡಿ ಹೊಡೆದರು. ಚುಸ್ ಅಂತ ಗಾಳಿಯೆಲ್ಲ ಹೊರಬಿತ್ತು. ತಗಡು ಇದ್ದಲ್ಲೇ ನಿಂತಿದೆ, ಬಾಯಿ ತೆರೆದೇ ಇದೆ. ಒಬ್ಬರು ಒಳಗೆ ಕೈ ಹಾಕಿ ಗೋಣಿ ಎಳೆಯುತ್ತಿದ್ದಾರೆ. ಅಷ್ಟರಲ್ಲಿ ಇನ್ನೊಬ್ಬರು ಕೆಂಪು ಗುಂಡಿಯನ್ನು ಮರಳಿ ಎಳೆದರು. ಬಾಗಿಲಿನ ಗುಂಡಿಯನ್ನು ಯಾರೂ ಮುಟ್ಟಿಲ್ಲ. ಏನಾಗುತ್ತದೆ?

ಚೌಕಗಳನ್ನು ನೋಡಿ. ಮುಖ್ಯ ವಾಲ್ವಿನಿಂದ ಗಾಳಿ ಬಂತು. ಗುಂಡಿ ವಾಲ್ವ್ ಒತ್ತದ ನೆಲೆಯಲ್ಲಿದೆ: 1ರಿಂದ 2ಕ್ಕೆ. ರಾಡ್ ಹೊರಕ್ಕೆ ನುಗ್ಗುತ್ತದೆ. ನಿಧಾನ ಮಾಡುವ ಜೋಡಿ ಇದೆಯಲ್ಲ, ಅದು ಕಾಪಾಡುತ್ತದೆ ಅನ್ನುತ್ತೀರಾ? ಇಲ್ಲ. ಅದು ತಡೆಯುವುದು ರಾಡ್ ಬದಿಯಲ್ಲಿ ತುಂಬಿರುವ ಗಾಳಿಯನ್ನು. ಆ ಬದಿಯ ಗಾಳಿ ಆಗಲೇ ಹೊರಬಿದ್ದಿದೆ. ಮೆತ್ತೆಯೇ ಇಲ್ಲದ್ದರಿಂದ ಈ ಒಂದು ಸಲ ರಾಡ್ ನಿಧಾನವಾಗಿ ಅಲ್ಲ, ಜಿಗಿದು ಬರುತ್ತದೆ. ಹಿಂದೆ ಎರಡು ಚೀಲದ ಬಲ.

ಇದಕ್ಕೆ ಒತ್ತಡವನ್ನು ಮೆಲ್ಲಗೆ ಏರಿಸುವ ವಾಲ್ವ್ ಸೇರಿಸುವುದುಂಟು. ಕೆಂಪು ಗುಂಡಿ ಮರಳಿಸಿದರಷ್ಟೇ ಕಾಯಿಲಿಗೆ ಕರೆಂಟ್ ಹೋಗದಂತೆ ಬೇರೆ ಚಾಲೂ ಗುಂಡಿಯನ್ನೂ ಇಡುತ್ತಾರೆ. ಕೈ ಹಾಕುವ ಮೊದಲು ಮುಖ್ಯ ಗಾಳಿಯನ್ನು ನಿಲ್ಲಿಸಿ ಬೀಗ ಹಾಕುವುದಂತೂ ನಿಯಮ. ನಮ್ಮ ಸರಳ ನಕ್ಷೆಯಲ್ಲಿ ಇವಿಲ್ಲ. ಅದನ್ನು ತಿಳಿಸಬೇಕಾದದ್ದು ಪಟ್ಟಿಯೇ. ಹಾಗಾಗಿ ನಮ್ಮ ಕನ್ನಡ ಪಟ್ಟಿ ಕೊನೆಗೆ ಹೀಗಾಗುತ್ತದೆ:

1. ಸಿಲಿಂಡರ್: ಹೊರಕ್ಕೂ ಒಳಕ್ಕೂ ಗಾಳಿಯಿಂದಲೇ ಚಲಿಸುತ್ತದೆ. ರಾಡ್ ಹೊರಗಿದ್ದಾಗ ಬಾಗಿಲು ಮುಚ್ಚಿರುತ್ತದೆ.

2. ಗುಂಡಿ ವಾಲ್ವ್ (5/2, ಸ್ಪ್ರಿಂಗ್): ಒತ್ತದಿದ್ದಾಗ ಗಾಳಿ 1ರಿಂದ 2ಕ್ಕೆ, ರಾಡ್ ಹೊರಕ್ಕೆ, ಬಾಗಿಲು ಮುಚ್ಚುತ್ತದೆ. ಒತ್ತಿ ಹಿಡಿದಾಗ ಗಾಳಿ 1ರಿಂದ 4ಕ್ಕೆ, ರಾಡ್ ಒಳಕ್ಕೆ, ಬಾಗಿಲು ತೆರೆಯುತ್ತದೆ.

3. ನಿಧಾನ ಮಾಡುವ ವಾಲ್ವ್ (ಒಮ್ಮುಖ): ಸಿಲಿಂಡರಿನ ರಾಡ್ ಬದಿಯಿಂದ ಹೊರಬರುವ ಗಾಳಿಯನ್ನು ಮಾತ್ರ ತಡೆತಡೆದು ಬಿಡುತ್ತದೆ.

4. ಮುಖ್ಯ ವಾಲ್ವ್ (3/2, ಕಾಯಿಲ್, ಸ್ಪ್ರಿಂಗ್): ಕರೆಂಟ್ ಇದ್ದಾಗ ಗಾಳಿ 1ರಿಂದ 2ಕ್ಕೆ. ಕರೆಂಟ್ ಇಲ್ಲದಾಗ ಹೊಸ ಗಾಳಿ ಬರುವುದಿಲ್ಲ, ಒಳಗಿನ ಗಾಳಿ 3ರಿಂದ ಹೊರಬೀಳುತ್ತದೆ.

5. ಕೆಂಪು ಗುಂಡಿ: ಒತ್ತದಿದ್ದಾಗ ಕರೆಂಟ್ ಹರಿಯುತ್ತದೆ. ಒತ್ತಿದಾಗ ನಿಲ್ಲುತ್ತದೆ.

ಎಚ್ಚರಿಕೆ: ಗಾಳಿ ಮರಳಿ ಬಂದ ಕೂಡಲೆ, ಯಾರೂ ಗುಂಡಿ ಒತ್ತದಿದ್ದರೂ, ಬಾಗಿಲು ಜೋರಾಗಿ ಮುಚ್ಚುತ್ತದೆ.

ಈ ಕೊನೆಯ ಸಾಲು ಇಂಗ್ಲಿಷ್ ಪಟ್ಟಿಯಲ್ಲಿ ಇರಲಿಲ್ಲ. ಅದು ಚಿಹ್ನೆಗಳಲ್ಲಿ ಇತ್ತು. ಪದಗಳನ್ನಷ್ಟೇ ಕನ್ನಡ ಮಾಡಿದ್ದರೆ ಸಿಗುತ್ತಿರಲಿಲ್ಲ. ಚೌಕಗಳನ್ನು ಓದಿದ್ದರಿಂದ ಸಿಕ್ಕಿತು.

ನೀವೇ ಮಾಡಿ ನೋಡಿ

ಒಂದು ದಪ್ಪ ಕಾಗದದ ಪಟ್ಟಿಯಲ್ಲಿ 3 ಸೆಂಟಿಮೀಟರಿನ ಎರಡು ಚೌಕಗಳನ್ನು ಅಕ್ಕಪಕ್ಕ ಬರೆಯಿರಿ. ಎರಡಕ್ಕೂ ಮೇಲಂಚಿನಲ್ಲಿ ಒಂದು ಬಾಯಿ, ಅದು 2. ಕೆಳಂಚಿನಲ್ಲಿ ಎರಡು, ಎಡದ್ದು 1, ಬಲದ್ದು 3. ಬಲಗಡೆಯ ಚೌಕದಲ್ಲಿ 2ರಿಂದ 3ಕ್ಕೆ ಬಾಣ ಎಳೆದು, 1ರ ಬಳಿ ಮೋಟು ಗೆರೆ ಹಾಕಿ. ಎಡಗಡೆಯದರಲ್ಲಿ 1ರಿಂದ 2ಕ್ಕೆ ಬಾಣ, 3ರ ಬಳಿ ಮೋಟು ಗೆರೆ. ಇನ್ನೊಂದು ಹಾಳೆಯಲ್ಲಿ ಒಂದೇ ಚೌಕದಷ್ಟು ಕಿಟಕಿ ಕತ್ತರಿಸಿ, ಅದರ ಅಂಚಿನಲ್ಲಿ 1, 2, 3 ಗುರುತಿಸಿ. ಪಟ್ಟಿಯನ್ನು ಹಿಂದೆ ಇಟ್ಟು ಮೊದಲು ಬಲಚೌಕ ಕಾಣಲಿ. ಆಮೇಲೆ ಬಲಕ್ಕೆ ತಳ್ಳಿ, ಎಡಚೌಕ ಕಿಟಕಿಗೆ ಬರಲಿ. ಇದೇ ನಮ್ಮ ಮುಖ್ಯ ವಾಲ್ವ್.

ಆಮೇಲೆ ಅದರ ವಿವರಣೆಯನ್ನು ನಿಮ್ಮ ಮಾತಿನಲ್ಲಿ ಬರೆದು, ಚಿತ್ರ ತೋರಿಸದೆ ಗೆಳೆಯರಿಗೆ ಕೊಡಿ. ಅದನ್ನಷ್ಟೇ ಓದಿ ಅವರು ಎರಡು ಚೌಕಗಳನ್ನು ಬರೆಯಲಿ. ಅವರ ಬಾಣಗಳು ನಿಮ್ಮ ಬಾಣಗಳಿಗೆ ಹೊಂದಿದರೆ ನಿಮ್ಮ ಕನ್ನಡ ಸರಿಯಾಗಿದೆ. ಹೊಂದದಿದ್ದರೆ ಗೆಳೆಯರನ್ನು ಬೈಯಬೇಡಿ. ಯಾವ ಸಾಲಿನಲ್ಲಿ ಕರ್ತೃ ಬಿಟ್ಟುಹೋಗಿದೆ, ಎಲ್ಲಿ ‘ಬಂದ್’ ಅಂತ ಬರೆದಿದ್ದೀರಿ, ಅದನ್ನು ಹುಡುಕಿ.